ರಿಜಿಸ್ಟ್ರೇಷನ್ ಸ್ಲಾಟ್ ಮುಂದಕ್ಕೆ ಹೋದಾಗ ಬ್ಯಾಂಕಿಗೆ ಬರೆದ ಪತ್ರ

ಮನೆ ಸಾಲ ಮಾಡಿ ಮನೆ ಕೊಳ್ಳುವಾಗ ರಿಜಿಸ್ಟ್ರೇಷನ್ ದಿನವನ್ನು ಮುಂದಕ್ಕೆ ಹಾಕುವುದು ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿನ ಕೆಲಸ ಚಿಕ್ಕದು. ದೊಡ್ಡ ಕೆಲಸ ಇರುವುದು ಬ್ಯಾಂಕಿನಲ್ಲಿ. ಆ ದಿನಕ್ಕೆ ಬ್ಯಾಂಕಿನವರೂ ಡಿಡಿ ಹಿಡಿದುಕೊಂಡು ಬರಬೇಕು, ಮತ್ತು ಆ ಡಿಡಿಯ ಮೇಲೆ ಆಗಲೇ ಬಡ್ಡಿ ಓಡುತ್ತಿರಬಹುದು. ಹೋದ ವರ್ಷ, ಅಂದರೆ 2025ರ ನವೆಂಬರಿನಲ್ಲಿ, ತುಮಕೂರಿನಲ್ಲಿ ನಾವು ಮನೆ ಕೊಂಡಾಗ ನಡೆದದ್ದನ್ನು ಬರೆಯುತ್ತೇನೆ.

ಮನೆ ಕ್ಯಾತ್ಸಂದ್ರದ ಕಡೆ. ಮಾತಾದ ಬೆಲೆ 42 ಲಕ್ಷ. ಅದರಲ್ಲಿ 30 ಲಕ್ಷ ಬ್ಯಾಂಕ್ ಸಾಲ, ಶೇಕಡಾ 8 ಬಡ್ಡಿ. ಮಾರುವವರು ಅಣ್ಣ ತಮ್ಮ ಇಬ್ಬರು, ಖಾತೆ ಇಬ್ಬರ ಹೆಸರಲ್ಲೂ ಇತ್ತು. ಅಣ್ಣ ತುಮಕೂರಿನಲ್ಲೇ ಇದ್ದಾರೆ, ತಮ್ಮ ಬೆಂಗಳೂರಿನಲ್ಲಿ. ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕಬೇಕು, ಫೋಟೋ ಮತ್ತು ಹೆಬ್ಬೆಟ್ಟಿನ ಗುರುತು ಕೊಡಬೇಕು.

ಈಗ ರಿಜಿಸ್ಟ್ರೇಷನ್ ನಡೆಯುವ ಕ್ರಮವನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣ kaveri.karnataka.gov.in ನಲ್ಲಿ ಲಾಗಿನ್ ಮಾಡಿಕೊಂಡು, ಆಸ್ತಿಯ ವಿವರ, ಮಾರುವವರು, ಕೊಳ್ಳುವವರು, ಸಾಕ್ಷಿಗಳು ಎಲ್ಲವನ್ನೂ ತುಂಬಿ, ಕ್ರಯಪತ್ರದ ಕರಡನ್ನು ಅಪ್‌ಲೋಡ್ ಮಾಡಬೇಕು. ಅಲ್ಲಿ ಒಂದು ಅರ್ಜಿ ಸಂಖ್ಯೆ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಅದನ್ನು ನೋಡಿ ಒಪ್ಪಿದ ಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಕಟ್ಟಬೇಕು. ಆಮೇಲೆ ಸ್ಲಾಟ್, ಅಂದರೆ ನೋಂದಣಿಗೆ ಹೋಗಬೇಕಾದ ದಿನ ಮತ್ತು ಸಮಯ. ನಮಗೆ ಎರಡೂ ಶುಲ್ಕ ಸೇರಿ ಮೂರು ಲಕ್ಷಕ್ಕೂ ಜಾಸ್ತಿ ಆಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತ್ತಲ್ಲ, ಅದರ ಭಾರ ನಮ್ಮ ಮೇಲೂ ಬಿತ್ತು.

ಕ್ರಯಪತ್ರದ ಕರಡಿನಲ್ಲಿ ಹಣ ಹೇಗೆ ಕೊಟ್ಟೆವು ಅನ್ನುವ ಭಾಗ ಇರುತ್ತದೆ. ಮುಂಗಡ ಇಷ್ಟು, ಇಂಥ ದಿನ, ಇಂಥ ಖಾತೆಯಿಂದ. ಉಳಿದದ್ದು ಇಂಥ ಬ್ಯಾಂಕಿನ ಇಂಥ ನಂಬರಿನ, ಇಂಥ ತಾರೀಕಿನ ಡಿಡಿ ಮೂಲಕ. ಅಂದರೆ ಡಿಡಿ ನಂಬರು ಮೊದಲೇ ಗೊತ್ತಿರಬೇಕು. ಅದಕ್ಕೇ ಬ್ಯಾಂಕಿನವರು ಡಿಡಿಯನ್ನು ಮೊದಲೇ ತೆಗೆದು, ಅದರ ಜೆರಾಕ್ಸ್ ಮಾತ್ರ ನಮ್ಮ ಕೈಗೆ ಕೊಡುತ್ತಾರೆ. ಮೂಲ ಡಿಡಿ ಅವರ ಹತ್ತಿರವೇ ಇರುತ್ತದೆ. ರಿಜಿಸ್ಟ್ರೇಷನ್ ದಿನ ಅವರ ಕಡೆಯ ಒಬ್ಬರು ಅದನ್ನು ತಂದು ಮಾರುವವರ ಕೈಗೆ ಕೊಟ್ಟು, ನೋಂದಣಿಯಾದ ಪತ್ರ ಬ್ಯಾಂಕಿಗೆ ಬರುವಂತೆ ನೋಡಿಕೊಳ್ಳುತ್ತಾರೆ.

ನಮ್ಮ ಡಿಡಿಗಳು ನವೆಂಬರ್ 3ರ ತಾರೀಕಿನವು. ಅಣ್ಣ ತಮ್ಮ ಇಬ್ಬರ ಹೆಸರಲ್ಲಿ ಒಂದೊಂದು, ತಲಾ 15 ಲಕ್ಷ. ಕರಡು ಒಪ್ಪಿಗೆಯಾಗಿ, ಶುಲ್ಕ ಕಟ್ಟಿ, ಸ್ಲಾಟ್ ಸಿಕ್ಕಿದ್ದು ನವೆಂಬರ್ 12, ಬುಧವಾರ.

10ನೇ ತಾರೀಕು ಮಧ್ಯಾಹ್ನ ಅಣ್ಣನವರ ಫೋನ್ ಬಂತು. "ನೋಡಮ್ಮ, ನಮ್ಮ ತಮ್ಮನ ಕಣ್ಣಿನ ಆಪರೇಷನ್ನು ನಾಳೆನೇ ಅಂತೆ. ಮುಂದಿನ ತಿಂಗಳು ಅಂದಿದ್ದವರು ಈಗಲೇ ಬನ್ನಿ ಅಂದಿದಾರೆ. ಒಂದು ವಾರ ಧೂಳಲ್ಲಿ ಓಡಾಡಬಾರದಂತೆ. ಏನು ಮಾಡೋಣ ಹೇಳು?"

ಪೊರೆ ತೆಗೆಸಿಕೊಂಡ ಮಾರನೆಯ ದಿನ ಒಬ್ಬ ಹಿರಿಯರನ್ನು ಬೆಂಗಳೂರಿನಿಂದ ಬಸ್ಸಿನಲ್ಲೋ ಕಾರಿನಲ್ಲೋ ಕರೆಸಿ, ಕ್ಯಾಮೆರಾದ ಮುಂದೆ ಕೂರಿಸುವುದು ಸರಿಯಲ್ಲ ಅಂತ ನನಗೂ ಅನಿಸಿತು. ತಮ್ಮನ ಪರವಾಗಿ ಅಣ್ಣನೇ ಸಹಿ ಹಾಕುವಂತೆ ಅಧಿಕಾರ ಪತ್ರ ಮಾಡಿಸಿದರೆ ಹೇಗೆ ಅಂತ ಪತ್ರ ಬರಹಗಾರರು ಕೇಳಿದರು. ಅದಕ್ಕೆ ಬೇರೆ ದಾಖಲೆ ಬೇಕು, ಬ್ಯಾಂಕಿನ ವಕೀಲರು ಅದನ್ನು ಮತ್ತೆ ಪರಿಶೀಲಿಸಬೇಕು. ಒಂದು ವಾರದ ವಿಷಯಕ್ಕೆ ಅಷ್ಟು ಬೇಡ ಅಂತ ಬಿಟ್ಟೆವು.

ಮೊದಲು ದಿನ ಗೊತ್ತು ಮಾಡಿಕೊಳ್ಳಬೇಕಿತ್ತು. ತಮ್ಮನವರು 22, ಶನಿವಾರ ಅಂದರು. ಅದು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಡಿಡಿ ತರುವವರೇ ಇರುವುದಿಲ್ಲ. ಹಾಗಾಗಿ 20 ಗುರುವಾರ, ಇಲ್ಲದಿದ್ದರೆ 21 ಶುಕ್ರವಾರ ಅಂತ ಇಬ್ಬರನ್ನೂ ಒಪ್ಪಿಸಿದೆ. ಸಾಕ್ಷಿ ಹಾಕುವವರನ್ನೂ ಕೇಳಿದೆ. ಇಷ್ಟಾಗುವ ತನಕ ಕಾವೇರಿಯಲ್ಲಿ ಏನನ್ನೂ ಮುಟ್ಟಲಿಲ್ಲ. ಇರುವ ಸ್ಲಾಟ್ ಬಿಟ್ಟುಕೊಟ್ಟು, ಹೊಸ ದಿನಕ್ಕೆ ಬ್ಯಾಂಕಿನವರು ಆಗುವುದಿಲ್ಲ ಅಂದರೆ ಎರಡೂ ಕೈತಪ್ಪುತ್ತವೆ.

ಬ್ಯಾಂಕಿಗೆ ಫೋನ್ ಮಾಡಿದೆ. ಸಾಲದ ವಿಭಾಗದ ಮೇಡಂ ಎತ್ತಿದರು. ಮಂಜೂರಾತಿ ಪತ್ರದಲ್ಲಿದ್ದ ಅರ್ಜಿ ಸಂಖ್ಯೆ ಹೇಳಿದೆ.

"ಈ ನಂಬರಲ್ಲಿ ಫೈಲ್ ಕ್ಲೋಸ್ ಅಂತ ತೋರಿಸ್ತಿದೆ ಮೇಡಂ. ಡಿಡಿ ಆಗಿದೆಯಾ?" ಅಂದರು.

"ಆಗಿದೆ, 3ನೇ ತಾರೀಕಿಗೆ."

"ಹಾಗಾದ್ರೆ ಲೋನ್ ಅಕೌಂಟ್ ಓಪನ್ ಆಗಿರುತ್ತೆ. ಆ ನಂಬರ್ ಕೊಡಿ."

ಇಲ್ಲೇ ನನಗೆ ವಿಷಯದ ಬೇರು ಸಿಕ್ಕಿದ್ದು. ಡಿಡಿ ತೆಗೆದ ದಿನವೇ ಸಾಲದ ಖಾತೆ ತೆರೆದು, 30 ಲಕ್ಷವನ್ನು ಅದರಲ್ಲಿ ಖರ್ಚು ಬರೆದಿರುತ್ತಾರೆ. ಅಲ್ಲಿಂದ ಅರ್ಜಿ ಸಂಖ್ಯೆಯ ಕೆಲಸ ಮುಗಿಯಿತು, ಸಾಲದ ಖಾತೆ ಸಂಖ್ಯೆ ಶುರುವಾಯಿತು. ಬಡ್ಡಿಯೂ ಅವತ್ತಿನಿಂದಲೇ ಶುರು. ಕಂಪ್ಯೂಟರಿಗೆ ಡಿಡಿ ಬ್ಯಾಂಕಿನ ಬೀರುವಿನಲ್ಲೇ ಇದೆ ಅನ್ನುವುದು ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿದೆ. 30 ಲಕ್ಷಕ್ಕೆ ಶೇಕಡಾ 8 ಅಂದರೆ ವರ್ಷಕ್ಕೆ 2,40,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 657 ರೂಪಾಯಿ 53 ಪೈಸೆ. 12ರಿಂದ 20ಕ್ಕೆ ಮುಂದೂಡಿದ್ದಕ್ಕೆ ಮಾತ್ರವಲ್ಲ, 3ರಿಂದ 20ರ ತನಕ 17 ದಿನಕ್ಕೆ ಈ ಬಡ್ಡಿ. ಒಟ್ಟು 11,178 ರೂಪಾಯಿ. ಹಣ ಮಾರುವವರಿಗೂ ಸಿಕ್ಕಿಲ್ಲ, ನಮಗೂ ಮನೆ ಸಿಕ್ಕಿಲ್ಲ. ಬ್ಯಾಂಕಿನಿಂದ ಹೊರಗೇ ಹೋಗದ ದುಡ್ಡಿಗೆ ಬಡ್ಡಿ ಯಾಕೆ ಕೊಡಬೇಕು?

ಒಂದು ದಾರಿ ಇತ್ತು. ಡಿಡಿ ರದ್ದು ಮಾಡಿಸಿ ಹಣವನ್ನು ಸಾಲದ ಖಾತೆಗೆ ವಾಪಸ್ ಹಾಕಿಸುವುದು, 19ಕ್ಕೆ ಹೊಸ ಡಿಡಿ ತೆಗೆಸುವುದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹೊಸ ಡಿಡಿ ಅಂದರೆ ಹೊಸ ನಂಬರು, ಹೊಸ ತಾರೀಕು. ಒಪ್ಪಿಗೆಯಾದ ಕರಡಿನಲ್ಲಿ ಹಳೆಯ ನಂಬರಿದೆ. ಅದನ್ನು ತಿದ್ದಿದರೆ ಸಬ್ ರಿಜಿಸ್ಟ್ರಾರ್ ಮತ್ತೆ ನೋಡಿ ಒಪ್ಪಬೇಕು. ಪತ್ರ ಬರಹಗಾರರು ಕೈ ಮುಗಿದು, "ಅದೊಂದು ಮಾಡಬೇಡಿ ಮೇಡಂ, ಡಿಡಿ ಹಾಗೇ ಇರಲಿ" ಅಂದರು. ಅವರು ಹೇಳಿದ್ದು ಸರಿ. ಡಿಡಿಗೆ ಬರೆದ ತಾರೀಕಿನಿಂದ 3 ತಿಂಗಳು ಆಯಸ್ಸು ಇರುತ್ತದೆ. ನಮ್ಮದು ಫೆಬ್ರವರಿ ತನಕ ನಡೆಯುತ್ತದೆ. ಒಂದು ವಾರ ಮುಂದಕ್ಕೆ ಹೋದರೆ ಅದಕ್ಕೇನೂ ಆಗುವುದಿಲ್ಲ. ಕ್ರಯಪತ್ರದ ಮೊದಲ ಸಾಲಿನ ತಾರೀಕನ್ನು ಅವರು ಕರಡಿನಲ್ಲಿ ಖಾಲಿ ಬಿಟ್ಟಿದ್ದರು, ಸಹಿಯ ದಿನ ತುಂಬುವುದಕ್ಕೆ. ಪತ್ರಕ್ಕೆ ಇನ್ನೂ ಯಾರೂ ಸಹಿ ಹಾಕಿರಲಿಲ್ಲ. ಸಹಿ ಆಗಿಬಿಟ್ಟಿದ್ದರೆ ಆ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಕೊಡಬೇಕು ಅಂತ 1908ರ ನೋಂದಣಿ ಕಾಯ್ದೆಯ 23ನೇ ಕಲಂ ಹೇಳುತ್ತದೆ. ನಮಗೆ ಆ ಗಡುವು ಶುರುವೇ ಆಗಿರಲಿಲ್ಲ.

ಹಾಗಾಗಿ ನಾನು ಕೇಳಬೇಕಾದದ್ದು ಇಷ್ಟು: ಡಿಡಿ ರದ್ದು ಮಾಡಬೇಡಿ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಹೊಸ ದಿನ ತನ್ನಿ, ಡಿಡಿ ಕೊಟ್ಟ ದಿನದಿಂದ ಮಾತ್ರ ಬಡ್ಡಿ ಹಾಕಿ. ಕೊನೆಯದನ್ನು ಕೇಳುವುದಕ್ಕೆ ಒಂದು ಆಧಾರ ಇದೆ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್ ಎಲ್ಲ ಸಾಲ ಕೊಡುವ ಸಂಸ್ಥೆಗಳಿಗೂ ಒಂದು ಸುತ್ತೋಲೆ ಹೊರಡಿಸಿತು. ಚೆಕ್ ಮೂಲಕ ಸಾಲ ಕೊಡುವಾಗ ಚೆಕ್ಕಿನ ತಾರೀಕಿನಿಂದ ಬಡ್ಡಿ ಹಾಕಿ, ಚೆಕ್ಕನ್ನು ಮಾತ್ರ ಎಷ್ಟೋ ದಿನ ಬಿಟ್ಟು ಗ್ರಾಹಕರಿಗೆ ಕೊಟ್ಟ ಪ್ರಕರಣಗಳು ತಪಾಸಣೆಯಲ್ಲಿ ಸಿಕ್ಕಿವೆ, ಇದು ನ್ಯಾಯವಲ್ಲ ಅಂತ ಅದರಲ್ಲಿದೆ. ಹಾಗೆ ಜಾಸ್ತಿ ತೆಗೆದುಕೊಂಡ ಬಡ್ಡಿಯನ್ನು ವಾಪಸ್ ಕೊಡಿಸಿದ್ದಾಗಿಯೂ ಹೇಳಿದೆ. ಅಲ್ಲಿ ಇರುವ ಮಾತು ಚೆಕ್. ನಮ್ಮದು ಡಿಡಿ. ಆದರೆ ಕಾರಣ ಒಂದೇ, ಹಣ ಕೈ ಬಿಡುವ ಮೊದಲು ಬಡ್ಡಿ ಹಾಕಬಾರದು ಅನ್ನುವುದು. ಅದನ್ನೇ ನಂಬಿಕೊಂಡು ಬರೆದೆ.

ಫೋನಿನಲ್ಲಿ ಮೇಡಂ, "ಪರವಾಗಿಲ್ಲ, 20ಕ್ಕೆ ಬರ್ತೀವಿ" ಅಂದಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಅದೇ ಸಂಜೆ ಬ್ರಾಂಚಿನ ಇಮೇಲಿಗೆ ಹಾಕಿದೆ, ಮಾರನೆಯ ದಿನ ಒಂದು ಪ್ರತಿಯನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಪತ್ರ ಹೀಗಿತ್ತು:

"ವಿಷಯ: ಗೃಹಸಾಲ ಖಾತೆ ಸಂಖ್ಯೆ (ಕೊನೆಯ ಅಂಕಿ 4172) – ನೋಂದಣಿ ದಿನಾಂಕವನ್ನು 12-11-2025ರಿಂದ 20-11-2025ಕ್ಕೆ ಬದಲಿಸುವ ಬಗ್ಗೆ.

ಮಾನ್ಯರೇ,

ಮೇಲಿನ ಸಾಲದಲ್ಲಿ 03-11-2025ರ ತಾರೀಕಿನ ಎರಡು ಡಿಡಿಗಳನ್ನು ತೆಗೆಯಲಾಗಿದೆ. ಅವು ಈಗ ತಮ್ಮ ಬ್ರಾಂಚಿನಲ್ಲೇ ಇವೆ. ಮಾರಾಟಗಾರರಲ್ಲಿ ಒಬ್ಬರಿಗೆ 11-11-2025ರಂದು ಕಣ್ಣಿನ ಶಸ್ತ್ರಚಿಕಿತ್ಸೆ ಇರುವುದರಿಂದ 12ರಂದು ನೋಂದಣಿ ಸಾಧ್ಯವಿಲ್ಲ.

20-11-2025, ಗುರುವಾರ ಬೆಳಿಗ್ಗೆ ತಮ್ಮ ಪ್ರತಿನಿಧಿ ಬರಲು ಸಾಧ್ಯವೇ ದಯವಿಟ್ಟು ತಿಳಿಸಿ. ಆಗದಿದ್ದರೆ 21-11-2025. ತಮ್ಮ ಉತ್ತರ ಬಂದ ಮೇಲೆ ಕಾವೇರಿಯಲ್ಲಿ ಸ್ಲಾಟ್ ಬದಲಿಸುತ್ತೇವೆ.

ಡಿಡಿ ಸಂಖ್ಯೆಗಳು ಒಪ್ಪಿಗೆಯಾದ ಕ್ರಯಪತ್ರದಲ್ಲಿ ಇರುವುದರಿಂದ ಡಿಡಿಗಳನ್ನು ರದ್ದು ಮಾಡಬಾರದಾಗಿ ಕೋರುತ್ತೇವೆ. ಡಿಡಿಗಳು ಮಾರಾಟಗಾರರಿಗೆ ತಲುಪುವ ದಿನದಿಂದ ಮಾತ್ರ ಬಡ್ಡಿ ವಿಧಿಸಬೇಕೆಂದು, ರಿಸರ್ವ್ ಬ್ಯಾಂಕಿನ 29-04-2024ರ ಸುತ್ತೋಲೆಯ ಆಧಾರದ ಮೇಲೆ ವಿನಂತಿಸುತ್ತೇವೆ."

ಕೆಳಗೆ ನಮ್ಮಿಬ್ಬರ ಹೆಸರು, ಸಹಿ, ಮೊಬೈಲ್ ನಂಬರು. ಸಾಲ ಇಬ್ಬರ ಹೆಸರಲ್ಲಿ ಇದ್ದುದರಿಂದ ಯಜಮಾನರ ಸಹಿಯೂ ಬೇಕಿತ್ತು. ಹಳೆಯ ಅರ್ಜಿ ಸಂಖ್ಯೆ, ಎರಡೂ ಡಿಡಿ ನಂಬರು, ಕಾವೇರಿ ಅರ್ಜಿ ಸಂಖ್ಯೆ ಎಲ್ಲವನ್ನೂ ಪತ್ರದ ಕೊನೆಗೆ ಒಂದರ ಕೆಳಗೆ ಒಂದು ಬರೆದೆ. ವಿಷಯದ ಸಾಲಿನಲ್ಲಿ ಮಾತ್ರ ಸಾಲದ ಖಾತೆ ಸಂಖ್ಯೆ ಒಂದೇ ಪೂರ್ತಿಯಾಗಿ ಹಾಕಿದ್ದೆ, ಇಲ್ಲಿ ಮರೆಮಾಡಿದ್ದೇನೆ. ಬ್ಯಾಂಕಿನಲ್ಲಿ ಕೂತವರು ಹುಡುಕುವುದು ಅವರದೇ ನಂಬರಿನಿಂದ. ಕಾವೇರಿ ಸಂಖ್ಯೆ ಮೇಲೆ ಹಾಕಿದರೆ ಅವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ, ಪತ್ರ ಬದಿಗೆ ಸರಿಯುತ್ತದೆ.

ಕಾರಣವನ್ನು ಒಂದೇ ಸಾಲಿಗೆ ಮುಗಿಸಿದ್ದೂ ಬೇಕೆಂದೇ. ಆಸ್ಪತ್ರೆಯ ಚೀಟಿ ಲಗತ್ತಿಸಲಿಲ್ಲ, ಅದು ಅವರ ಸ್ವಂತ ವಿಷಯ. ಬ್ಯಾಂಕಿನವರೂ ಕೇಳಲಿಲ್ಲ.

11ರ ಬೆಳಿಗ್ಗೆಯೇ ಉತ್ತರ ಬಂತು. 20ಕ್ಕೆ ಪ್ರತಿನಿಧಿ ಬರುತ್ತಾರೆ, ಡಿಡಿಗಳು ನಮ್ಮ ಸುಪರ್ದಿಯಲ್ಲಿವೆ, ರದ್ದು ಮಾಡುವುದಿಲ್ಲ. ಬಡ್ಡಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಆದರೂ ಡಿಡಿಗಳು ಅವರ ಹತ್ತಿರವೇ ಇವೆ ಅಂತ ಅವರೇ ಬರೆದು ಕೊಟ್ಟಿದ್ದು ನನಗೆ ಮುಂದೆ ತುಂಬಾ ಬೇಕಾಯಿತು.

ಆಮೇಲೆ ಕಾವೇರಿ. ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ತುಂಬಾ ಜನರ ಅರ್ಜಿ ಪತ್ರ ಬರಹಗಾರರ ಅಥವಾ ಸೈಬರ್ ಅಂಗಡಿಯವರ ಲಾಗಿನ್‌ನಲ್ಲಿ ಹೋಗಿರುತ್ತದೆ. ಓಟಿಪಿ ಅವರ ಮೊಬೈಲಿಗೆ ಬರುತ್ತದೆ. ಸ್ಲಾಟ್ ಬದಲಿಸಬೇಕಾದಾಗ ಅವರು ಊರಲ್ಲಿ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ನಮ್ಮ ಪತ್ರ ಬರಹಗಾರರು ಮೊದಲೇ, "ನಿಮ್ಮ ನಂಬರಲ್ಲೇ ಲಾಗಿನ್ ಮಾಡ್ಕೊಳಿ ಮೇಡಂ, ನಾನು ಕೂತು ತುಂಬಿ ಕೊಡ್ತೀನಿ" ಅಂದಿದ್ದರು. ಹಾಗಾಗಿ ನಾನೇ ಮನೆಯಿಂದ ಅರ್ಜಿ ಸಂಖ್ಯೆ ಹುಡುಕಿ, 12ರ ಸ್ಲಾಟನ್ನು 20ಕ್ಕೆ ಬದಲಿಸಿಕೊಂಡೆ. ಅರ್ಜಿ ಸಂಖ್ಯೆ ಬದಲಾಗಲಿಲ್ಲ. ಕಟ್ಟಿದ ಶುಲ್ಕ ಹಾಗೇ ಇತ್ತು. ಶುಲ್ಕ ಅರ್ಜಿಗೆ ಸೇರಿದ್ದು, ದಿನಕ್ಕೆ ಸೇರಿದ್ದಲ್ಲ. ಹೊಸ ದಿನ ಕಾಣಿಸುವ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿನ ಅದೇ ಇಮೇಲಿಗೆ ಉತ್ತರವಾಗಿ ಕಳಿಸಿದೆ. ಹೊಸ ಇಮೇಲ್ ಬೇಡ. ಹಳೆಯದಕ್ಕೇ ಉತ್ತರ ಹಾಕಿದರೆ ಮೊದಲಿನ ಮಾತೆಲ್ಲ ಕೆಳಗೆ ಸಾಲಾಗಿ ಇರುತ್ತದೆ.

20ರಂದು ತಮ್ಮನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಫೋಟೋಗೆ ಮಾತ್ರ ತೆಗೆದರು. ಬ್ಯಾಂಕಿನ ಪ್ರತಿನಿಧಿ ಡಿಡಿ ಕೊಡುವಾಗ, ಮಾರಾಟಗಾರರು ಕೊಟ್ಟ ರಸೀದಿಯಲ್ಲಿ "20-11-2025ರಂದು ಡಿಡಿ ಪಡೆದೆವು" ಅಂತ ತಾರೀಕು ಬರೆಯಿರಿ ಅಂತ ನಾನು ಕೇಳಿಕೊಂಡೆ. ಅದರ ಒಂದು ಫೋಟೋ ತೆಗೆದಿಟ್ಟೆ.

ಡಿಸೆಂಬರಿನಲ್ಲಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿದೆ. ನವೆಂಬರ್ 30ರಂದು ಬಡ್ಡಿ ಅಂತ 18,411 ರೂಪಾಯಿ ಹಾಕಿದ್ದರು. ಈ ಮೊತ್ತವನ್ನು ದಿನದ ಬಡ್ಡಿಯಿಂದ ಭಾಗಿಸಿದರೆ 28 ಬರುತ್ತದೆ. 3ರಿಂದ 30ರ ತನಕ ಎಷ್ಟು ದಿನವೋ ಅಷ್ಟು. 20ರಿಂದ ಎಣಿಸಿದ್ದರೆ 11 ದಿನಕ್ಕೆ 7,233 ಇರಬೇಕಿತ್ತು. ಯಾವ ತಾರೀಕಿನಿಂದ ಬಡ್ಡಿ ಹಾಕಿದ್ದಾರೆ ಅಂತ ಸ್ಟೇಟ್‌ಮೆಂಟಿನಲ್ಲಿ ಬರೆದಿರುವುದಿಲ್ಲ. ಮೊದಲ ತಿಂಗಳ ಬಡ್ಡಿಯನ್ನು ಹೀಗೆ ಭಾಗಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಇದು ನನಗೆ ನಿಜವಾಗಿಯೂ ಬೇಸರ ತಂದ ವಿಷಯ. ಕೇಳಿದ್ದರೂ ಹಾಕಿದ್ದರು. ಕೇಳದವರ ಗತಿ ಏನು?

ಬ್ರಾಂಚಿಗೆ ಹೋದಾಗ ಮೇಡಂ, "ಸಿಸ್ಟಮ್ಮೇ ಹಾಕುತ್ತೆ, ನಮ್ಮ ಕೈಲಿಲ್ಲ" ಅಂದರು. ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ನವೆಂಬರ್ 11ರ ಅವರದೇ ಉತ್ತರ, ಡಿಡಿ ಪಡೆದ ರಸೀದಿಯ ಫೋಟೋ, ಸ್ಟೇಟ್‌ಮೆಂಟ್ ಮೂರನ್ನೂ ಮುಂದಿಟ್ಟೆ. 20ರ ತನಕ ಡಿಡಿ ಬ್ಯಾಂಕಿನಲ್ಲೇ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವರು ಓದಿ, "ಸರಿ, ಮೇಲಿನ ಆಫೀಸಿಗೆ ಬರೀತೀನಿ. ಬಡ್ಡಿ ಶುರುವಾಗೋ ವ್ಯಾಲ್ಯೂ ಡೇಟ್ ಬದಲಿಸೋಕೆ ಅವರ ಅನುಮತಿ ಬೇಕು. ನೀವೂ ಒಂದು ಪತ್ರ ಕೊಡಿ" ಅಂದರು. ಅಲ್ಲೇ ಕೂತು ಬರೆದೆ. ವಿಷಯದಲ್ಲಿ ಮತ್ತೆ ಅದೇ ಸಾಲದ ಖಾತೆ ಸಂಖ್ಯೆ. ಒಳಗೆ ಹಿಂದಿನ ಪತ್ರದ ತಾರೀಕು, 17 ದಿನ, 11,178 ರೂಪಾಯಿ, ಲೆಕ್ಕದ ಒಂದು ಸಾಲು. ಬೇರೇನೂ ಇಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಆಗುವುದಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು ಅಂತ ನನಗೆ ಗೊತ್ತಿತ್ತು. ಪತ್ರದಲ್ಲಿ ಅದನ್ನು ಬರೆಯಲಿಲ್ಲ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದ ಕೆಲಸ ಮಾಡುತ್ತೇನೆ ಅನ್ನುವಾಗ ಬೆದರಿಕೆಯ ಸಾಲು ಯಾಕೆ ಅಂತ ಅನಿಸಿತು.

ಜನವರಿ ಮೊದಲ ವಾರದಲ್ಲಿ ಸಾಲದ ಖಾತೆಗೆ 11,178 ರೂಪಾಯಿ ಜಮಾ ಆಯಿತು. ಆ ಬಡ್ಡಿಯನ್ನು ನಾವು ಆಗಲೇ ಕಟ್ಟಿದ್ದರಿಂದ ಆ ಹಣ ಅಸಲಿಗೆ ಇಳಿದಿದೆ. ಕಂತಿನಲ್ಲಿ ಏನೂ ಬದಲಾಗಿಲ್ಲ, ಬಾಕಿಯಲ್ಲಿ ಅಷ್ಟು ಕಡಿಮೆಯಾಗಿದೆ.

ಅದೇ ಬ್ರಾಂಚಿನಲ್ಲಿ ಸಾಲ ಮಾಡಿ ಶಿರಾ ಗೇಟ್ ಕಡೆ ಮನೆ ಕೊಳ್ಳುತ್ತಿರುವ ನಮ್ಮ ಶಾಲೆಯ ಇನ್ನೊಬ್ಬ ಟೀಚರ್‌ಗೆ ಇದನ್ನೆಲ್ಲ ಹೇಳಿದೆ. ಅವರು ಡಿಡಿ ಬದಲು ಹಣವನ್ನು ರಿಜಿಸ್ಟ್ರೇಷನ್ ದಿನವೇ ಮಾರುವವರ ಖಾತೆಗೆ ಆರ್‌ಟಿಜಿಎಸ್ ಮಾಡಿ ಅಂತ ಬ್ಯಾಂಕನ್ನು ಕೇಳಿದ್ದಾರೆ. 2024ರ ಆ ಸುತ್ತೋಲೆಯಲ್ಲೂ ಚೆಕ್ ಬದಲು ಆನ್‌ಲೈನ್ ವರ್ಗಾವಣೆ ಮಾಡಿ ಅಂತಲೇ ಬ್ಯಾಂಕುಗಳಿಗೆ ಹೇಳಿರುವುದು. ಆದರೆ ಅವರ ಮಾರಾಟಗಾರರು ಹಣ ಖಾತೆಗೆ ಬರುವ ತನಕ ಸಹಿ ಹಾಕುವುದಿಲ್ಲ ಅನ್ನುತ್ತಿದ್ದಾರೆ, ಬ್ಯಾಂಕಿನವರು ಸಹಿ ಆಗುವ ತನಕ ಹಣ ಬಿಡುವುದಿಲ್ಲ ಅನ್ನುತ್ತಿದ್ದಾರೆ. ಸದ್ಯಕ್ಕೆ ಡಿಡಿಯೇ ಆಗಬಹುದು. ಹಾಗಾದರೆ ಸ್ಲಾಟ್ ಸಿಕ್ಕ ದಿನವೇ ಬಡ್ಡಿಯ ಪತ್ರ ಕೊಟ್ಟುಬಿಡುತ್ತೇನೆ ಅಂದಿದ್ದಾರೆ. ನನ್ನ ಪತ್ರದ ಪ್ರತಿ ಅವರಿಗೆ ಕಳಿಸಿದ್ದೇನೆ.